ಆದರೂ ಎನ್ನುವುದರ ಆಚೆ ಈಚೆ

ಟೀಚರಮ್ಮ ನಿವೃತ್ತಿಯಾಗುವವರೆಗೂ ಹೈಸ್ಕೂಲಿನ ಮಕ್ಕಳಿಗೆ ಪ್ರಬಂಧ ಬರೆಯುವುದನ್ನು ಕಲಿಸಿದವರು. ಅವರದೊಂದು ಕಟ್ಟುನಿಟ್ಟಿನ ನಿಯಮವಿತ್ತು. ‘ಆದರೂ’ ಎಂದೋ ‘ಹಾಗಿದ್ದರೂ’ ಎಂದೋ ಬರೆಯುವ ಮೊದಲು ಎದುರಾಳಿಯ ಅತ್ಯಂತ ಗಟ್ಟಿಯಾದ ಮಾತನ್ನು ಬರೆಯಬೇಕು. ಅದನ್ನು ಒಪ್ಪುವಾಗ ಬರೆಯುವವನ ಹೊಟ್ಟೆ ಚುರುಕ್ ಎನ್ನಬೇಕು. ಎನ್ನದಿದ್ದರೆ ಅದು ಒಪ್ಪಿದ್ದಲ್ಲ, ಒಪ್ಪಿದಂತೆ ನಟಿಸಿದ್ದು.

ಒಬ್ಬ ಹುಡುಗನಿಗೆ ಈ ಪಾಠ ಅತಿಯಾಗಿ ಹಿಡಿಸಿತು. ಸಾಲಿಗೊಂದು ‘ಆದಾಗ್ಯೂ’ ಹಾಕತೊಡಗಿದ. ‘ಹಸುವಿಗೆ ನಾಲ್ಕು ಕಾಲುಗಳಿವೆ, ಆದಾಗ್ಯೂ ಅದು ಹಾಲು ಕೊಡುತ್ತದೆ’ ಎಂದು ಬರೆದ ದಿನ ತರಗತಿಯೇ ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ಅವನ ಹೆಸರೇ ಆದಾಗ್ಯೂ ಎಂದಾಯಿತು. ಈಗ ಅವನು ಕಾರ್ಖಾನೆಗಳ ಸುರಕ್ಷತೆ ನೋಡುವ ಅಧಿಕಾರಿ. ಟೀಚರಮ್ಮನ ಗಂಡ ಬ್ರೆಡ್ಡಿನ ಕಾರ್ಖಾನೆಯಲ್ಲಿ ಹಿಟ್ಟು ನಾದುವ ಯಂತ್ರಕ್ಕೆ ಸಿಕ್ಕಿ ಸತ್ತಾಗ ತನಿಖೆ ಅವನ ಪಾಲಿಗೆ ಬಂತು.

ಆ ಯಂತ್ರಕ್ಕೊಂದು ಜಾಲರಿಯ ಮುಚ್ಚಳವಿದೆ. ಮುಚ್ಚಳ ಎತ್ತಿದೊಡನೆ ಒಳಗಿನ ತೋಳುಗಳು ತಾವಾಗಿ ನಿಲ್ಲಬೇಕು. ಅದಕ್ಕಾಗಿಯೇ ಒಂದು ಸ್ವಿಚ್ಚು. ಅಂಚಿಗೆ ಅಂಟಿದ ಹಿಟ್ಟನ್ನು ಕೆರೆದು ನಡುವಿಗೆ ತಳ್ಳಲು ಮುಚ್ಚಳ ಎತ್ತಿದಾಗಲೆಲ್ಲ ಯಂತ್ರ ನಿಂತು ಕೆಲಸ ತಡವಾಗುತ್ತದೆಂದು ಯಾರೋ ಸ್ವಿಚ್ಚಿಗೆ ತಂತಿ ಸುತ್ತಿ ಅದನ್ನು ಕುರುಡಾಗಿಸಿದ್ದರು. ಆ ದಿನ ಟೀಚರಮ್ಮನ ಗಂಡ ಮುಚ್ಚಳ ಎತ್ತಿ ಕೈ ಹಾಕಿದರು. ಯಂತ್ರದ ತೋಳು ತಿರುಗುತ್ತಲೇ ಇತ್ತು. ಮೊದಲು ಸಿಕ್ಕಿದ್ದು ಶರ್ಟಿನ ತೋಳು.

ಅವರ ಜಾಗದಲ್ಲಿ ಈಗ ನಿಲ್ಲುತ್ತಿರುವವನು ಅವರ ತಮ್ಮ. ತಂತಿ ಇನ್ನೂ ಹಾಗೆಯೇ ಇದೆ. ತನಿಖೆಯ ವರದಿ ಯಂತ್ರವನ್ನು ದೂರಿದರೆ ಅದನ್ನು ನಿಲ್ಲಿಸಿ ಸರಿಮಾಡಲೇಬೇಕು. ಮನುಷ್ಯನನ್ನು ದೂರಿದರೆ ಯಂತ್ರ ಹೀಗೆಯೇ ತಿರುಗುತ್ತಿರುತ್ತದೆ. ಟೀಚರಮ್ಮನಿಗೆ ಬೇಕಾಗಿದ್ದುದು ಇಷ್ಟೇ, ಆ ತಂತಿ ಹೋಗಬೇಕು.

ಅಧಿಕಾರಿ ಮನೆಗೆ ಬರುತ್ತಾನೆಂದು ತಿಳಿದ ಮಧ್ಯಾಹ್ನ ಮೈದುನ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ.

“ಅತ್ತಿಗೆ, ಆ ಮಾತ್ರೆ ವಿಷಯ ಎತ್ಬೇಡಿ.”

ಅಪಘಾತದ ದಿನ ಬೆಳಿಗ್ಗೆ ಗಂಡನಿಗೆ ವಿಪರೀತ ನೆಗಡಿ. ಮೂಗು ಸೋರುವುದು ನಿಲ್ಲಲೆಂದು ಒಂದು ಮಾತ್ರೆ ನುಂಗಿ ಹೋಗಿದ್ದರು. ಮಂಪರು ಬರಿಸುವ ಮಾತ್ರೆ. ಕಂಡಿದ್ದವರು ಮನೆಯವರಿಬ್ಬರೇ.

“ಕೇಳಿದ್ರೆ?” ಎಂದರು ಟೀಚರಮ್ಮ.

“ಕೇಳಿದ್ರೂ ಇಲ್ಲ ಅನ್ನಿ. ಸತ್ಯ ಹೇಳೋಕೆ ಅವ್ರೇನು ದೇವ್ರಾ? ದೇವ್ರ ಹತ್ರ ಬೇಕಾದ್ರೆ ಸಂಜೆ ಹೇಳ್ಕೊಳ್ಳಿ, ದಿನಾ ಹೇಗೂ ಮಾತಾಡ್ತೀರಲ್ಲ.”

“ನಿಮ್ಮಣ್ಣನೂ ಹೀಗೇ ರೇಗಿಸ್ತಿದ್ರು.”

“ನಾನು ರೇಗಿಸ್ತಾ ಇಲ್ಲ ಅತ್ತಿಗೆ. ನಾಳೆ ಅದೇ ತೊಟ್ಟಿಗೆ ಕೈ ಹಾಕೋನು ನಾನು.”

ಅಧಿಕಾರಿ ಬಂದ. ಟೀಚರಮ್ಮನ ಕಾಲಿಗೆ ಬಗ್ಗಿದ. ಕಣ್ಣು ತುಂಬಿಕೊಂಡ. ಅದರಲ್ಲಿ ನಾಟಕವೇನೂ ಇರಲಿಲ್ಲ. ಚಹಾ ಕುಡಿದು, ಚೀಲದಿಂದ ಹಾಳೆಗಳನ್ನು ತೆಗೆದು, “ಟೀಚರ್, ಕರಡು ತಂದಿದ್ದೀನಿ. ನೀವು ಕಲಿಸಿದ ಹಾಗೇ ಎರಡೂ ಕಡೆ ನೋಡಿ ಬರೆದಿದ್ದೀನಿ” ಎಂದು ಓದತೊಡಗಿದ.

“‘ಮೃತರು ಸಜ್ಜನರೂ ದೈವಭಕ್ತರೂ ಆಗಿದ್ದರೂ, ಚಲಿಸುತ್ತಿದ್ದ ಯಂತ್ರಕ್ಕೆ ಕೈ ಹಾಕಿದ್ದು ಅವರ ಅಜಾಗರೂಕತೆ. ಕುಟುಂಬದ ದುಃಖ ಅಪಾರವಾದುದು, ಆದಾಗ್ಯೂ...’”

“ಸಾಕು ನಿಲ್ಲಿಸಪ್ಪ” ಎಂದರು ಟೀಚರಮ್ಮ. “ಸಜ್ಜನರು ಅಂತ ಒಪ್ಪಿದ್ರೆ ನಿನ್ನ ವಾದಕ್ಕೆ ಏನು ನಷ್ಟ?”

ಅವನು ಆ ಸಾಲನ್ನು ಮತ್ತೊಮ್ಮೆ ನೋಡಿದ.

“ನನಗೆ ದುಃಖ ಆಗಿದೆ ಅಂತ ಬರೆದ್ರೆ ಕಾರ್ಖಾನೆಯೋರಿಗೆ ಏನು ನಷ್ಟ? ಹಸುವಿಗೆ ನಾಲ್ಕು ಕಾಲು ಅಂದ ಹಾಗಾಯ್ತು. ನಿನ್ನ ತೀರ್ಮಾನಕ್ಕೆ ನಿಜವಾಗ್ಲೂ ಏಟು ಕೊಡೋ ಸಾಕ್ಷಿ ಯಾವುದು? ಅದನ್ನ ‘ಆದರೂ’ಗಿಂತ ಮುಂಚೆ ಹಾಕು. ಆಮೇಲೂ ನಿನ್ನ ತೀರ್ಮಾನ ನಿಂತ್ರೆ ನಿಲ್ಲಲಿ.”

ಒಳಗಿನಿಂದ ಮೈದುನ, “ತಂತಿ” ಎಂದ. ಒಂದೇ ಮಾತು.

ಅಧಿಕಾರಿ ಹಾಳೆ ತಿರುವಿದ. ತಂತಿಯ ಸಂಗತಿ ಕೊನೆಯ ಪುಟದಲ್ಲಿ, ‘ಇತರೆ’ ಎಂಬ ತಲೆಬರಹದಡಿಯಲ್ಲಿತ್ತು. ಆ ಪಾಳಿಯ ಕೆಲಸಗಾರರೆಲ್ಲ ಮೇಲ್ವಿಚಾರಕನ ಕಣ್ಣೆದುರೇ ಮುಚ್ಚಳ ಎತ್ತಿ ಕೆರೆಯುತ್ತಿದ್ದರೆಂಬ ಹೇಳಿಕೆಗಳೂ ಅಲ್ಲೇ ಇದ್ದವು. ಅವನ ಕಿವಿ ಕೆಂಪಾಯಿತು.

“ನಿಜ ಟೀಚರ್. ಇದನ್ನ ಮೇಲಕ್ಕೆ ತರ್ತೀನಿ.” ಪೆನ್ನಿನಿಂದ ದೊಡ್ಡ ಬಾಣದ ಗುರುತು ಹಾಕಿದ. ಆಮೇಲೆ ತಲೆಯೆತ್ತದೆ ಕೇಳಿದ, “ನಿಮ್ಮ ಕಡೆಯಿಂದ ಹಾಗೆ ಒಪ್ಪಬೇಕಾದ್ದು ಏನಾದ್ರೂ ಇದೆಯಾ?”

ಅಡುಗೆಮನೆಯಲ್ಲಿ ಲೋಟ ಠಣ್ ಎಂದು ಸದ್ದಾಯಿತು.

ಟೀಚರಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. ಅವನಿಗೊಂದು ಅಳತೆ, ತನಗೊಂದು ಅಳತೆ ಎಂದರೆ ಇಷ್ಟು ವರ್ಷ ಬೋರ್ಡಿನ ಮುಂದೆ ನಿಂತು ಕೂಗಿದ್ದೆಲ್ಲ ಯಾತಕ್ಕೆ? ದೇವರು ಕಾಣುತ್ತಿದ್ದಾನೆ ಎಂಬುದು ಅವರಿಗೆ ಬರಿಯ ಮಾತಾಗಿರಲಿಲ್ಲ. ಬಾಗಿಲಾಚೆ ಮೈದುನ ನಿಂತಿರುವುದೂ ಅವರಿಗೆ ಗೊತ್ತಿತ್ತು.

“ಇದೆ. ಬರ್ಕೋ” ಎಂದರು. ತರಗತಿಯಲ್ಲಿ ಉಕ್ತಲೇಖನ ಹೇಳುವಂತೆಯೇ ಬಿಡಿಬಿಡಿಯಾಗಿ ಹೇಳಿದರು. “‘ನನ್ನ ಗಂಡ ಆ ದಿನ ಮಂಪರು ಬರಿಸುವ ಮಾತ್ರೆ ನುಂಗಿದ್ದರೂ, ಮುಚ್ಚಳ ಎತ್ತಿದಾಗ ಯಂತ್ರ ನಿಂತಿದ್ದರೆ ಅವರು ಬದುಕುತ್ತಿದ್ದರು. ಮಾತ್ರೆ ಆ ಒಂದು ದಿನದ್ದು. ತಂತಿಯಾದರೋ ಎಲ್ಲ ದಿನವೂ ಇದ್ದದ್ದು. ಮನುಷ್ಯನಿಗೆ ದಣಿವು, ಮಂಪರು, ಮರೆವು ಬರುತ್ತವೆಂದೇ ಆ ಸ್ವಿಚ್ಚನ್ನು ಇಟ್ಟಿರುವುದು.’ ಬರ್ಕೊಂಡ್ಯಾ?”

“ಬರ್ಕೊಂಡೆ ಟೀಚರ್” ಎಂದ. ಹೋಗುವಾಗ ಮತ್ತೆ ಕಾಲಿಗೆ ಬಗ್ಗಿದ. “ಇಷ್ಟು ನ್ಯಾಯವಾಗಿ ಮಾತಾಡೋರನ್ನ ನಾನು ಈ ಕೆಲಸದಲ್ಲಿ ನೋಡೇ ಇಲ್ಲ.”

ಅವನು ಮೆಟ್ಟಿಲಿಳಿದ ಮೇಲೆ ಮೈದುನ ಹೊರಬಂದ. ಮುಖ ಬಿಳಿಚಿತ್ತು. “ಅತ್ತಿಗೆ, ಅಣ್ಣನ ಕುತ್ತಿಗೆಗೆ ಹಾಕೋಕೆ ನೀವೇ ಅವನ ಕೈಗೆ ಹಗ್ಗ ಕೊಟ್ರಿ.”

“ಕಾರಣ ಸಮೇತ ಕೊಟ್ಟಿದ್ದೀನಿ.”

“ಕಾರಣ ಕತ್ತರಿಸಿ ಹಗ್ಗ ಇಟ್ಕೋತಾನೆ, ನೋಡ್ತಿರಿ.”

ವರದಿಯನ್ನು ಓದಿಹೇಳಲು ಕಚೇರಿಗೆ ಕರೆದರು. ಉದ್ದನೆಯ ಮೇಜು, ಸದ್ದು ಮಾಡುವ ಫ್ಯಾನು, ಗೋಡೆಯ ಮೇಲೆ ಹೆಲ್ಮೆಟ್ ಹಾಕಿಕೊಂಡು ನಗುತ್ತಿರುವ ಕೆಲಸಗಾರನ ಚಿತ್ರ. ಒಂದು ಕಡೆ ಕಾರ್ಖಾನೆಯ ಮ್ಯಾನೇಜರು, ಇನ್ನೊಂದು ಕಡೆ ಟೀಚರಮ್ಮ ಮತ್ತು ಮೈದುನ. ಅಧಿಕಾರಿ ಯಾರ ಮುಖವನ್ನೂ ನೋಡದೆ ಓದಿದ.

“‘ಸುರಕ್ಷತಾ ಸ್ವಿಚ್ಚಿಗೆ ತಂತಿ ಸುತ್ತಲಾಗಿತ್ತು ಎಂಬುದೂ, ಮುಚ್ಚಳ ಎತ್ತಿ ಕೆರೆಯುವ ರೂಢಿ ಮೇಲ್ವಿಚಾರಕರಿಗೆ ತಿಳಿದಿತ್ತು ಎಂಬುದೂ ಸಾಕ್ಷ್ಯಗಳಿಂದ ಕಂಡುಬಂದಿವೆ. ಆದಾಗ್ಯೂ, ಮೃತರ ಪತ್ನಿಯೇ ಒಪ್ಪಿಕೊಂಡಿರುವಂತೆ ಮೃತರು ಮಂಪರು ಬರಿಸುವ ಮಾತ್ರೆ ಸೇವಿಸಿ ಕೆಲಸಕ್ಕೆ ಬಂದಿದ್ದರು. ಆದಕಾರಣ ಅವರ ಸ್ಥಿತಿಯೇ ಅಪಘಾತದ ಮುಖ್ಯ ಕಾರಣ. ಔಷಧ ಸೇವಿಸಿ ಕೆಲಸಕ್ಕೆ ಬರಬಾರದೆಂದು ಕಾರ್ಖಾನೆಯು ಫಲಕ ಹಾಕತಕ್ಕದ್ದು.’”

ಮ್ಯಾನೇಜರು ತಲೆದೂಗಿದರು. “ತುಂಬಾ ಸಮತೂಕದ ವರದಿ ಸಾರ್. ನಮ್ಮ ತಪ್ಪನ್ನೂ ಬಿಟ್ಟಿಲ್ಲ ನೀವು. ಫಲಕ ನಾಳೆನೇ ಹಾಕಿಸ್ತೀವಿ.”

“ಮತ್ತೆ ತಂತಿ?” ಎಂದ ಮೈದುನ.

“ಅದರ ಬಗ್ಗೆ ಆದೇಶ ಏನೂ ಇಲ್ಲವಲ್ಲಪ್ಪ.”

ಟೀಚರಮ್ಮ ಹಾಳೆಗಳನ್ನು ತಮ್ಮತ್ತ ಎಳೆದುಕೊಂಡರು. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ತಾವು ಬೇಡಿದ್ದ ಸಾಕ್ಷಿಗಳೆಲ್ಲ ಮೇಲೆ ಬಂದಿದ್ದವು. ತಮ್ಮ ಮಾತ್ರೆಯೂ ಇತ್ತು. ಸುಳ್ಳು ಒಂದೂ ಇರಲಿಲ್ಲ. ಆ ಒಂದು ದಿನ, ಎಲ್ಲ ದಿನ ಎಂಬ ಸಾಲು ಇರಲಿಲ್ಲ. ಸ್ವಿಚ್ಚು ಇರುವುದು ಯಾತಕ್ಕೆ ಎಂಬ ಸಾಲೂ ಇರಲಿಲ್ಲ. ‘ಆದಾಗ್ಯೂ’ ಇತ್ತು, ಅದರ ಈಚೆಗಿನದು ಆಚೆಗಿನದಕ್ಕಿಂತ ಯಾಕೆ ಭಾರ ಎಂಬ ಕಾರಣ ಇರಲಿಲ್ಲ.

“ಎರಡನ್ನೂ ತಕ್ಕಡಿಗೆ ಹಾಕಿದ್ದೀಯ ಸರಿ. ತೂಗಿದ್ದು ಎಲ್ಲಿ?” ಎಂದು ಕೇಳಿದರು.

“ಟೀಚರ್, ನಾನು ಏನನ್ನೂ ಮುಚ್ಚಿಟ್ಟಿಲ್ಲ.”

“ಮುಚ್ಚಿಟ್ಟಿದ್ರೆ ಹುಡುಕಬಹುದಿತ್ತು. ಬಿಚ್ಚಿಟ್ಟು ಮುಳುಗಿಸಿದ್ದೀಯ. ನಾನು ಹೇಳಿದ ವಾಕ್ಯವನ್ನೇ ತಿರುಗಿಸಿ ನಿಲ್ಲಿಸಿದ್ದೀಯ. ಯಾಕೆ ತಿರುಗಿಸಿದೆ ಅಂತ ಒಂದು ಸಾಲು ಬರೆದಿದ್ರೆ ನಾನು ತಲೆಬಾಗಿ ಹೋಗ್ತಿದ್ದೆ.”

ಅವನು ಮ್ಯಾನೇಜರ ಕಡೆಗೊಮ್ಮೆ, ಬಾಗಿಲ ಕಡೆಗೊಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದ, “ಯಂತ್ರ ನಿಲ್ಲಿಸೋ ಆದೇಶ ಮೇಲಿನೋರು ಒಪ್ಪಲ್ಲ ಟೀಚರ್. ಮೊದಲು ನಿಮ್ಮ ಮಾತಿನ ಹಾಗೇ ಬರೆದು ಕಳಿಸಿದ್ದೆ. ವಾಪಸ್ ಬಂತು.”

“ಆ ಕಾರಣನಾದ್ರೂ ಬರಿ.”

ಅವನು ಓದಿ ಹೇಳಿದ್ದಕ್ಕೆ ಗುರುತಾಗಿ ಸಹಿ ಬೇಕೆಂದು ಪೆನ್ನು ಮುಂದೆ ಚಾಚಿದ. ಟೀಚರಮ್ಮ ಪೆನ್ನು ಮುಟ್ಟಲಿಲ್ಲ.

“ಇವರು ಸಹಿ ಹಾಕದಿದ್ದರೂ ವರದಿ ಊರ್ಜಿತವೇ ಅಲ್ವಾ ಸಾರ್?” ಎಂದರು ಮ್ಯಾನೇಜರು.

“ಊರ್ಜಿತವೇ” ಎಂದ ಅಧಿಕಾರಿ.

ದಾರಿಯುದ್ದಕ್ಕೂ ಮೈದುನ ಎರಡು ಹೆಜ್ಜೆ ಮುಂದೆಯೇ ನಡೆದ. ಬೈದಿದ್ದರೆ ಟೀಚರಮ್ಮನಿಗೆ ಹಗುರವಾಗುತ್ತಿತ್ತು. ಮನೆ ಸೇರಿ ಕೈಕಾಲು ತೊಳೆದುಕೊಂಡ ಮೇಲೆ ತನ್ನ ಕೆಲಸದ ಶರ್ಟುಗಳನ್ನು ತಂದು ಅವರ ಪಕ್ಕದಲ್ಲಿಟ್ಟ.

“ಇವುಗಳ ತೋಳು ಕತ್ತರಿಸಿ ಕೊಡಿ ಅತ್ತಿಗೆ. ಮೇಲಕ್ಕೆ, ಭುಜದ ಹತ್ರಕ್ಕೇ. ಚಳಿಯಾದ್ರೂ ಪರವಾಗಿಲ್ಲ.”

“ಆ ಕೆಲಸ ಬಿಟ್ಟುಬಿಡೋ.”

“ಬಿಟ್ಟು? ಸಮತೂಕ ನೋಡ್ಕೊಂಡು ಮನೇಲಿ ಕೂತ್ಕೊಳ್ಳಾ?” ಎಂದು ನಕ್ಕ. ನಗು ಅಣ್ಣನದರಂತೆಯೇ ಇತ್ತು. “ನಾನು ಹೇಳ್ದೆ ಅತ್ತಿಗೆ, ಹೇಳ್ಬೇಡಿ ಅಂತ.”

“ಸುಳ್ಳು ಹೇಳಿದ್ರೆ ತಂತಿ ಬಿಚ್ತಿದ್ರಾ?”

“ಗೊತ್ತಿಲ್ಲ. ಕೊನೇಪಕ್ಷ ಅಣ್ಣನ ಹೆಸರು ನಿಮ್ಮ ಬಾಯಿಂದ ಹಾಳಾಗ್ತಿರ್ಲಿಲ್ಲ.”

ಅವನು ಪಾಳಿಗೆ ಹೊರಟುಹೋದ. ಟೀಚರಮ್ಮ ದೇವರ ಮುಂದೆ ದೀಪ ಹಚ್ಚಿ ಕುಳಿತರು. ಗಂಡ ಹೋದ ದಿನದಿಂದ ಅವರ ಪ್ರಾರ್ಥನೆ ಒಂದೇ ಆಗಿತ್ತು: ನೀನು ಅವರನ್ನು ಕಿತ್ತುಕೊಂಡೆ, ಆದರೂ ನೀನೇ ಗತಿ. ಮೊದಮೊದಲು ಆ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಹೇಳಿ ಹೇಳಿ ಈಚೆಗೆ ಸರಾಗವಾಗಿತ್ತು. ಇಂದೂ ಕೈಮುಗಿದು ಬಾಯಿ ತೆರೆದರು.

“ನೀನೇ ಗತಿ” ಎಂದರು. “ಆದರೂ ಕಿತ್ತುಕೊಂಡೆ.”

ತಾವೇ ಹೇಳಿದ್ದನ್ನು ಕೇಳಿಸಿಕೊಂಡು ಗಾಬರಿಯಾದರು. ಸರಿಪಡಿಸಿ ಹೇಳಲು ನೋಡಿದರು. ಆಗಲಿಲ್ಲ. ಯಾಕೆ ಎಂದು ಕಾರಣ ಕೇಳಿದರು, ಬಹಳ ಹೊತ್ತು ಕಾದರು. ಫ್ಯಾನಿನ ಸದ್ದೂ ಇಲ್ಲದ ಕೋಣೆ.

ಕೊನೆಗೆ ಎದ್ದು ಕತ್ತರಿ ತೆಗೆದುಕೊಂಡು, ದೀಪದ ಬೆಳಕಿನಲ್ಲೇ ಮೊದಲನೆಯ ಶರ್ಟನ್ನು ಮಡಿಲಲ್ಲಿ ಹರಡಿಕೊಂಡು, ಭುಜದ ಹೊಲಿಗೆ ಎಲ್ಲಿದೆ ಎಂದು ಬೆರಳಿನಿಂದ ತಡಕಿದರು.