ಹಿಡಿಯ ಮೇಲಿನ ಹೆಸರು

ಬಾವ ಸಂಜೆಗೆ ಆಸ್ಪತ್ರೆಯಿಂದ ಮನೆಗೆ ಬರುವವರಿದ್ದರು. ಲಕ್ವ ಹೊಡೆದ ಅವರ ಬಲಗೈಗೆ ಬಿಸಿ ತಣ್ಣಗೆ ಯಾವುದೂ ತಿಳಿಯುವುದಿಲ್ಲ, ಕುದಿಯುವ ನೀರಿಗೆ ಒಡ್ಡಿದರೂ ಹಿಂದಕ್ಕೆಳೆಯಬೇಕೆಂದು ಅದಕ್ಕೆ ಹೊಳೆಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅವರ ಬಚ್ಚಲಿನ ಶವರ್ ಮಿಕ್ಸರೋ, ಹಿಡಿ ನಡುವಿನಲ್ಲಿದ್ದರೂ ಇದ್ದಕ್ಕಿದ್ದಂತೆ ಸುಡುನೀರು ಸುರಿಸುತ್ತಿತ್ತು. ಬಿಸಿನೀರು ತಣ್ಣೀರು ಬೆರೆಸುವ ಒಳಗಿನ ಕಾರ್ಟ್ರಿಡ್ಜ್ ಸವೆದಿತ್ತು. ಅಕ್ಕ ಫೋನ್ ಮಾಡಿದ್ದು ತಂಗಿಯಾದ ನನಗೆ. ನಲ್ಲಿಯ ಬಿಡಿಭಾಗ ಮಾರುವ ಅಂಗಡಿ ನನ್ನದು. ಮನೆಯವರೆಲ್ಲ ನನ್ನನ್ನು ಗಡಿಬಿಡಿ ಎಂದು ಕರೆಯುತ್ತಾರೆ, ಸುಮ್ಮನೆ ಅಲ್ಲ.

ಅಕ್ಕನ ಮನೆಗೆ ಹೋಗಿ, ನೀರಿನ ಮುಖ್ಯ ವಾಲ್ವ್ ಮುಚ್ಚಿ, ಹಿಡಿ ಬಿಚ್ಚಿದೆ. ಹಿಡಿಯ ಮೇಲೆ ಒಂದು ಕಂಪನಿಯ ಹೆಸರು ಫಳಫಳ ಹೊಳೆಯುತ್ತಿತ್ತು. ಅದನ್ನು ಓದಿಕೊಂಡು ಅಂಗಡಿಗೆ ಓಡಿ, ಅದೇ ಕಂಪನಿಯ ಕಾರ್ಟ್ರಿಡ್ಜ್ ತಂದೆ. ದಪ್ಪ ಸರಿಯಾಗಿತ್ತು. ಆದರೆ ಒಳಗೆ ಕೂರಲಿಲ್ಲ. ಅದರ ತಳದಲ್ಲಿ ಎರಡು ಪುಟ್ಟ ಗೂಟಗಳಿರುತ್ತವೆ, ಗೋಡೆಯೊಳಗೆ ಹೂತಿರುವ ಬಾಡಿಯ ಗುಂಡಿಗಳಲ್ಲಿ ಕೂತು ಅದನ್ನು ತಿರುಗದಂತೆ ಹಿಡಿಯುವುದು ಅವೇ. ಆ ಗುಂಡಿಗಳು ಬೇರೆ ಕಡೆ ಇದ್ದವು.

"ಗೋಡೆ ಒಡೀಬೇಕಾ?" ಅಕ್ಕ ಬಾಗಿಲಲ್ಲೇ ನಿಂತಿದ್ದಳು. "ಬಾಡಿ ಗೋಡೆ ಒಳಗಿದೆ, ಟೈಲ್ಸ್ ಕಿತ್ತು ಪೂರ್ತಿ ಬದಲಾಯಿಸ್ಬೇಕು ಅಂದ ಗಾರೆಯವನು. ಇವರು ಬಂದು ಎಲ್ಲಿ ಸ್ನಾನ ಮಾಡ್ಬೇಕು?"

"ಏನೂ ಬೇಡ. ನೀನು ಸ್ವಲ್ಪ ಸುಮ್ನಿರು."

ಸುಮ್ಮನಿರಬೇಕಾದದ್ದು ನಾನು. ಕಟಿಂಗ್ ಪ್ಲೇಯರ್ ತೆಗೆದುಕೊಂಡು ಆ ಎರಡು ಗೂಟಗಳನ್ನೂ ಕತ್ತರಿಸಿಬಿಟ್ಟೆ. ನಮ್ಮ ಕಸುಬಿನಲ್ಲಿ ಇದಕ್ಕೆ 'ಅಡ್ಜಸ್ಟ್' ಎನ್ನುತ್ತಾರೆ. ಕಾರ್ಟ್ರಿಡ್ಜ್ ಕೂತಿತು, ನಟ್ ಬಿಗಿಯಾಯಿತು, ವಾಲ್ವ್ ತೆರೆದಾಗ ಹದವಾದ ನೀರು ಬಂತು. ಅಕ್ಕನ ಮುಖ ಅರಳಿತು. ನನಗೇಕೋ ಸಮಾಧಾನ ಬರಲಿಲ್ಲ. ಹಿಡಿಯನ್ನು ಹತ್ತಾರು ಸಲ ಆ ಕಡೆ ಈ ಕಡೆ ತಿರುಗಿಸಿ, ಮತ್ತೆ ನಡುವಿಗೆ ತಂದು ಕೈಯೊಡ್ಡಿದೆ. ಸುಡುನೀರು. ಚರ್ಮ ಕೆಂಪಾಯಿತು. ಹಿಡಿದುಕೊಳ್ಳಲು ಗೂಟಗಳಿಲ್ಲದೆ ಕಾರ್ಟ್ರಿಡ್ಜೇ ಹಿಡಿಯ ಜೊತೆ ಜರುಗಿತ್ತು. ಬಾವನ ಕೈಯಾಗಿದ್ದರೆ ಅಲ್ಲೇ ಬೇಯುತ್ತಿತ್ತು. ನನ್ನ ಮೇಲೆ ನನಗೇ ಹೇಸಿಗೆ ಆಯಿತು.

ವಾಲ್ವ್ ಮುಚ್ಚಿ, ಎಲ್ಲವನ್ನೂ ಮತ್ತೆ ಬಿಚ್ಚಿ, ಹಿಡಿಯ ಹಿಂದೆ ಗೋಡೆಗೆ ಮುಚ್ಚಿದ್ದ ತಟ್ಟೆಯನ್ನೂ ತೆಗೆದೆ. ಮೊದಲೇ ತೆಗೆಯಬೇಕಿತ್ತು. ಒಳಗಿದ್ದ ಹಿತ್ತಾಳೆ ಬಾಡಿಯ ಮುಖ ಮೊಟ್ಟೆಯಾಕಾರ. ಅದರ ಎರಡೂ ಬದಿಯಲ್ಲಿ ನೀರು ತಡೆಯುವ ಸ್ಕ್ರೂಗಳು. ಹಿಡಿಯ ಮೇಲೆ ಹೆಸರಿದ್ದ ಕಂಪನಿಯ ಬಾಡಿಯ ಮುಖ ದುಂಡಗಿರುತ್ತದೆ, ಅದಕ್ಕೆ ಸ್ಕ್ರೂ ಇರುವುದೇ ಇಲ್ಲ. ಇದು ಎಂದೋ ಬಾಗಿಲು ಹಾಕಿದ ಇನ್ನೊಂದು ಕಂಪನಿಯದು. ಹಿಡಿ ಕೂರುವ ಕಾರ್ಟ್ರಿಡ್ಜಿನ ಕಡ್ಡಿಯ ಚೌಕ ಇಬ್ಬರದ್ದೂ ಒಂದೇ ಅಳತೆ. ಹಾಗಾಗಿ ಒಬ್ಬರ ಹಿಡಿ ಇನ್ನೊಬ್ಬರ ತಲೆಯ ಮೇಲೆ ಆರಾಮಾಗಿ ಕೂತಿತ್ತು.

"ಹಿಡಿ ಯಾರು ಬದಲಾಯಿಸಿದ್ರು?"

"ಯಾರೂ ಇಲ್ಲ ಕಣೆ. ಮೊದಲಿಂದ ಇದೇ ಇರೋದು," ಎಂದಳು ಅಕ್ಕ.

ವಾದಿಸುವಷ್ಟು ಹೊತ್ತಿರಲಿಲ್ಲ. ಹಳೆಯ ಕಾರ್ಟ್ರಿಡ್ಜನ್ನು ಜೇಬಿಗೆ ಹಾಕಿಕೊಂಡು ಅಂಗಡಿಗೆ ಹೋದೆ. ಆ ಕಂಪನಿ ಮುಚ್ಚಿದ್ದರೂ ಅದೇ ಅಚ್ಚಿನ ಕಾರ್ಟ್ರಿಡ್ಜನ್ನು ಅಡುಗೆಮನೆ ಸಿಂಕಿನ ನಲ್ಲಿಯೊಂದಕ್ಕೆ ಬೇರೆ ಕಂಪನಿಯವರು ಈಗಲೂ ಹಾಕುತ್ತಾರೆ. ಡಬ್ಬಿಗಳನ್ನೆಲ್ಲ ನೆಲಕ್ಕೆ ಸುರಿದು, ಒಂದೊಂದನ್ನೇ ಹಳೆಯದರ ತಳಕ್ಕೆ ತಳ ಜೋಡಿಸುತ್ತ ಹೋದೆ. ಒಂದರ ತೂತು ಹೊಂದಿದರೆ ಗೂಟ ಹೊಂದದು, ಗೂಟ ಹೊಂದಿದರೆ ಎತ್ತರ ಹೊಂದದು. ಕೊನೆಗೊಂದು ಎಲ್ಲದರಲ್ಲೂ ಹೊಂದಿತು.

ಅಕ್ಕನ ಮನೆಗೆ ತಂದು ಒತ್ತಿದಾಗ ಅದು ಬಾಡಿಯಲ್ಲಿ ಟಕ್ಕೆಂದು ಕೂತಿತು. ಅದರ ಮೇಲಿದ್ದ ಹಲ್ಲಿನ ಬಳೆಯನ್ನು ಸರಿಸಿ, ಹಿಡಿ ಪೂರ್ತಿ ಬಿಸಿಯ ಕಡೆ ಹೋಗದಂತೆ ತಡೆ ಹಾಕಿದೆ. ಎಷ್ಟು ತಿರುಗಿಸಿದರೂ ನೀರು ಹದ ತಪ್ಪಲಿಲ್ಲ.

ಬಾವ ಬಂದವರೇ ಬಚ್ಚಲ ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತರು. ನಾನು ಪಟ್ಟ ಪಾಡನ್ನೆಲ್ಲ ಅಕ್ಕ ಅವರ ತಲೆಯ ಮೇಲಿಂದ, ಜೊತೆಗೆ ಬಂದಿದ್ದ ನರ್ಸಿಗೆ ಹೇಳುತ್ತಿದ್ದಳು. ಬಾವ ನನ್ನ ಕೆಂಪಾದ ಕೈಯನ್ನೇ ನೋಡಿದರು.

"ಆ ಹಿಡಿ ನಾನೇ ಹಾಕಿದ್ದು," ಎಂದರು, ಮೆಲ್ಲಗೆ. "ಹಳೇದು ಮುರೀತು. ನಿಮ್ಮಕ್ಕ ತವರಿಗೆ ಹೋಗಿದ್ಲು. ಬೈತಾಳೆ ಅಂತ ಹೇಳ್ಲಿಲ್ಲ."

ಅಕ್ಕ ನರ್ಸಿನ ಕಡೆಯಿಂದ ಅವರತ್ತ ತಿರುಗಿದಳು.

"ಒಂದು ಫೋನ್ ಮಾಡಿದ್ರೆ ಹೇಳ್ತಿದ್ನಲ್ಲ. ಆಸ್ಪತ್ರೆಲೂ ಫೋನ್ ಪಕ್ಕದಲ್ಲೇ ಇತ್ತು." ಬಾವ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು. "ಹೋಗಿರೋದು ಈ ಕೈ ಒಂದೇ. ಉಳಿದದ್ದೆಲ್ಲ ಇಲ್ಲೇ ಇದೆ."

ಅವರನ್ನು ಕೇಳಬಹುದು ಎಂದು ನಮ್ಮಿಬ್ಬರಿಗೂ ಹೊಳೆದೇ ಇರಲಿಲ್ಲ.