ವಾಲಿದ ಟೀವಿ

ಹಾಸಿಗೆ ಹಿಡಿದ ಅತ್ತೆಗೆ ಮಲಗಿದಲ್ಲೇ ಕಾಣಲಿ ಎಂದು ಅಳಿಯ ಜಿಪ್ಸಮ್ ಹಲಗೆಯ ಗೋಡೆಗೆ ಟೀವಿ ಹಾಕಿದ್ದ. ವಾರದಲ್ಲೇ ಬ್ರಾಕೆಟ್ ಮುಂದಕ್ಕೆ ವಾಲಿತು.

“ನಿಮ್ಮ ಟೀವಿ ನಂಗೆ ನಮಸ್ಕಾರ ಮಾಡ್ತಿದೆ, ಅಳಿಯಂದ್ರೇ,” ಎಂದು ಅತ್ತೆ ನಕ್ಕರು.

“ಬ್ರಾಕೆಟ್ ನಲವತ್ತು ಕಿಲೋ ತಡೆಯುತ್ತೆ ಅತ್ತೆ, ಟೀವಿ ಹದಿನೈದೇ,” ಎಂದು ಅವನು ಸ್ಕ್ರೂ ಬಿಗಿ ಮಾಡಿದ. ವಾಲಿದಾಗಲೆಲ್ಲ ಬಿಗಿ ಮಾಡಿದ. ಬ್ರಾಕೆಟ್ಟೇನೋ ತಡೆಯುತ್ತಿತ್ತು, ಸ್ಕ್ರೂ ಹಿಡಿದುಕೊಳ್ಳಲೆಂದು ಹಲಗೆಯ ತೂತಿಗೆ ತುರುಕಿದ್ದ ಪ್ಲಾಸ್ಟಿಕ್ ಪ್ಲಗ್ಗುಗಳು ತಡೆಯಲಿಲ್ಲ. ಬಿಗಿ ಮಾಡಿದಷ್ಟೂ ಅವು ಸ್ಕ್ರೂ ಜೊತೆ ತಿರುಗಿ ತೂತನ್ನು ಅಗಲ ಮಾಡಿದವು.

ಒಂದು ಮಧ್ಯಾಹ್ನ ಟೀವಿ ಕಳಚಿ ಅತ್ತೆಯ ಕಾಲ ಬಳಿಯೇ ಬಿದ್ದು ಒಡೆಯಿತು.

ಹೊಸ ಟೀವಿಗೆ ಅವನು ಹಲಗೆಯ ಹಿಂದಿರುವ ಮರದ ಪಟ್ಟಿಯನ್ನು ಹುಡುಕಿ ಸ್ಕ್ರೂ ಇಳಿಸಿದ. ಅದು ಅಲುಗಲಿಲ್ಲ. ಆದರೆ ಅತ್ತೆ ಅವನಿಂದಲೇ ಮಂಚವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡರು.

“ನಿಮ್ಮ ಮೇಲೆ ಬೇಜಾರಿಲ್ಲ, ಅಳಿಯಂದ್ರೇ. ಅದನ್ನ ನೋಡಿದ್ರೆ ಎದೆ ಡವಡವ ಅನ್ನುತ್ತೆ, ಅಷ್ಟೇ.”