ಕೊನೆಯ ಎರಡು ಎಸೆತ

ಜಿಲ್ಲಾ ಕ್ರಿಕೆಟ್ ಸಂಸ್ಥೆಯ ಕಚೇರಿ ಎಂದರೆ ಪೆವಿಲಿಯನ್ನಿನ ಮೆಟ್ಟಿಲ ಕೆಳಗಿನ ಒಂದು ಕೋಣೆ. ಸಂಸ್ಥೆಯ ಅಂಕಿಅಂಶಗಳನ್ನು ನೋಡಿಕೊಳ್ಳುತ್ತಿದ್ದ ಮುದುಕರು ಅಲ್ಲಿ ಎಂದಿನಂತೆ ಪ್ರಾಯೋಜಕರಿಗೆ ಋತುವಿನ ಪತ್ರ ಬರೆಯಲು ಕುಳಿತಿದ್ದರು. ಹೆಸರು ನೋಂದಾಯಿಸಿದವರು ನಾನೂರ ಹನ್ನೆರಡು, ಮೈದಾನಕ್ಕೆ ಇಳಿದವರು ಮುನ್ನೂರ ನಲವತ್ತೇಳು. ಎರಡು ವಯೋಗುಂಪಿನಲ್ಲಿ ಆಡಿದವರನ್ನೂ ಅವರು ಒಮ್ಮೆಯೇ ಎಣಿಸಿದ್ದರು. ಆ ಎಣಿಕೆಯಲ್ಲಿ ಅವರ ಮೊಮ್ಮಗಳೂ ಇದ್ದಳು. ಹುಡುಗಿಯರ ಬೌಲಿಂಗ್ ಪಟ್ಟಿಗೆ ಬಂದಾಗ ಲೇಖನಿ ನಿಂತಿತು.

ತನ್ನ ಐದನೆಯ ಪಂದ್ಯದಲ್ಲಿ ಅವಳು ಎರಡು ಎಸೆತ ಹಾಕಿ, ಮೂರನೆಯದಕ್ಕೆ ಓಡಿಬರುವಾಗ ಕುಸಿದವಳು ಮತ್ತೆ ಏಳಲಿಲ್ಲ. ಹೃದಯದಲ್ಲಿ ದೋಷವಿತ್ತೆಂದು ವೈದ್ಯರು ಆಮೇಲೆ ಹೇಳಿದರು. ಪಂದ್ಯ ಅಲ್ಲಿಗೇ ನಿಂತು, ಎರಡೂ ತಂಡಗಳಿಗೆ ಒಂದೊಂದು ಅಂಕ ಹಂಚಿಹೋಯಿತು. ಆ ಎರಡೂ ಎಸೆತ ಬೌಂಡರಿ ದಾಟಿದ್ದವು.

ಪಟ್ಟಿಗೆ ಸೇರಲು ಐದು ಪಂದ್ಯ ಆಡಿರಬೇಕು. ಆ ಪಂದ್ಯವನ್ನು ಬಿಟ್ಟರೆ ಅವಳ ಹೆಸರೇ ಇರುವುದಿಲ್ಲ. ಸೇರಿಸಿದರೆ ಆ ಎಂಟು ರನ್ನಿನಿಂದ ಸರಾಸರಿ ಕೆಟ್ಟು ಎರಡನೆಯ ಸ್ಥಾನ. ಪ್ರಾಯೋಜಕರ ಫಲಕ ಮೊದಲನೆಯವಳಿಗೆ ಮಾತ್ರ.

ಕಾರ್ಯದರ್ಶಿ ಕನಿಕರದಿಂದಲೇ ಒಂದು ದಾರಿ ಹೇಳಿದ. ಪಂದ್ಯ ಲೆಕ್ಕಕ್ಕಿರಲಿ, ಆ ಎಸೆತಗಳು ಬೇಡ, ಓವರೇ ಮುಗಿದಿರಲಿಲ್ಲವಲ್ಲ. ಪ್ರಾಯೋಜಕರ ಮನಸ್ಸೂ ಕರಗುತ್ತದೆ. ಮುಗಿಯದ ಓವರಿನ ಎಸೆತವೂ ಎಸೆತವೇ ಎಂದು ಮುದುಕರು ಅಂದಾಗ ಅವನು ನಿಟ್ಟುಸಿರಿಟ್ಟ.

"ನಿಮ್ಮ ಪೆನ್ನಿಗಿಂತ ಅಂಪೈರ್ ಬೆರಳೇ ಮೆತ್ತಗೆ, ಅಜ್ಜ."

ಮೈದಾನ ನೋಡಿಕೊಳ್ಳುವ ಅಳಿಯ, ಹುಡುಗಿಯ ಅಪ್ಪ, ರೋಲರಿನ ಕೀಲಿಗಾಗಿ ಬಂದು ಬಾಗಿಲಲ್ಲಿ ನಿಂತಿದ್ದ. ಮಗಳು ಹೋದ ಮೇಲೆ ಅವನ ಮಾತು ಕಡಿಮೆಯಾಗಿತ್ತು.

"ಮಾವ, ಎರಡೇ ಬಾಲು. ಗೋಡೆ ಮೇಲೆ ಅವಳದೂ ಒಂದು ಫಲಕ ಇರಲಿ ಅಂತ ನಿಮ್ಮ ಮಗಳು ಕೇಳ್ತಿದಾಳೆ."

ಮುದುಕರು ಕನ್ನಡಕ ತೆಗೆದು ಒರೆಸಿದರು. ದೇವರು ಕೊಟ್ಟದ್ದನ್ನು ದೇವರೇ ತೆಗೆದುಕೊಂಡನೆಂದು ದಿನವೂ ಹೇಳಿಕೊಂಡರೂ ಅವರ ಎದೆಗೆ ಆ ಮಾತು ಇನ್ನೂ ಇಳಿದಿರಲಿಲ್ಲ.

"ಆ ಫಲಕ ಇನ್ನೊಂದು ಮನೆ ಮಗೂದು," ಎಂದರು. "ಅದೂ ಅಲ್ಲದೆ, ನಮ್ಮ ಮಗು ಕೊನೇದಾಗಿ ಮಾಡಿದ್ದು ಆ ಎರಡು ಬಾಲು ಹಾಕಿದ್ದೇ. ಅವನ್ನ ನನ್ನ ಕೈಯಾರೆ ಹೇಗೆ ಅಳಿಸಲಿ?"

ಅವರು ಎರಡನೆಯ ಸಾಲಿನಲ್ಲಿ ಅವಳ ಹೆಸರು ಬರೆದರು. ಆ ಪಂದ್ಯದ ಎದುರು 'ಫಲಿತಾಂಶವಿಲ್ಲ' ಎಂದು ಬರೆದು ಸಹಿ ಹಾಕಿದರು.

ಪ್ರತಿ ವರ್ಷ ಆ ಪತ್ರವನ್ನು ಅಂಚೆಗೆ ಹಾಕುತ್ತಿದ್ದವನು ಅಳಿಯನೇ. ಈ ಸಲ ಲಕೋಟೆ ಅಂಟಿಸಿ ಅವನತ್ತ ಚಾಚಿದರು. ಅವನು ಮೊಳೆಯಿಂದ ಕೀಲಿ ತೆಗೆದುಕೊಂಡು, "ಬರ್ತೀನಿ ಮಾವ" ಎನ್ನದೆ ಹೊರಟುಹೋದ. ಸ್ವಲ್ಪ ಹೊತ್ತಿಗೆ ಪಿಚ್ಚಿನ ಮೇಲೆ ರೋಲರ್ ಉರುಳುವ ಸದ್ದು ಕೇಳಿಸಿತು. ಮುದುಕರು ಕೋಲು ಹಿಡಿದು ತಾವೇ ಅಂಚೆ ಕಚೇರಿಯ ಕಡೆಗೆ ನಡೆದರು.